ಉರಿದ ದೀಪಕ್ಕೆಷ್ಟು, ಉರಿಯದ ತಂತಿಗೆಷ್ಟು?



ಮೊನ್ನೆ ಮಿಲ್ಲಿನ ಎರಡನೆಯ ಪಾಳಿ ಬಿಟ್ಟ ಮೇಲೆ ನೂಲು ಖಾತೆಯ ಸಂಗಾತಿಯೊಬ್ಬರು ನಮ್ಮ ಕಛೇರಿಯ ಮೆಟ್ಟಿಲು ಹತ್ತಿ ಬಂದರು. ನಾಲ್ಕು ಮಡಿಕೆ ಮಾಡಿದ ಒಂದು ಚೀಟಿಯನ್ನು ಅಂಗಿಯ ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟು, "ಅಣ್ಣಾ, ಇದನ್ನು ಓದಿ ಹೇಳಿ. ಏಪ್ರಿಲ್ ತಿಂಗಳ ಬಿಲ್ಲು ಸೊನ್ನೆ ಇತ್ತು. ಮೇ ತಿಂಗಳದ್ದು ಸಾವಿರದ ಆರುನೂರು ದಾಟಿದೆ. ಮನೆಗೆ ಹೊಸದಾಗಿ ಒಂದು ಬಲ್ಬು ಕೂಡ ತಂದಿಲ್ಲ" ಎಂದರು. ಅವರದು ಮೂರು ಸಂಸಾರಗಳ ವಠಾರ. ಮೂರು ಬಾಗಿಲಿಗೂ ಸೇರಿ ಒಂದೇ ಮೀಟರು, ಅದೂ ವಠಾರದ ಧಣಿಯ ಹೆಸರಿನಲ್ಲಿ. ಬಿಲ್ಲು 2025ರ ಮೇ ತಿಂಗಳದು.

ಓದಬಲ್ಲ ಮನುಷ್ಯ ತನ್ನ ಮನೆಯ ದೀಪದ ಲೆಕ್ಕವನ್ನು ಇನ್ನೊಬ್ಬರಿಂದ ಓದಿಸಿಕೊಳ್ಳಬೇಕಾದರೆ ತಪ್ಪು ಅವನದೋ, ಲೆಕ್ಕ ಬರೆದವರದೋ? ಕಿರಾಣಿ ಅಂಗಡಿಯವನು ಚೀಟಿ ಬರೆದರೆ ಅಕ್ಕಿ ಇಷ್ಟು, ಬೇಳೆ ಇಷ್ಟು, ಒಟ್ಟು ಇಷ್ಟು ಎಂದು ಮಗುವಿಗೂ ತಿಳಿಯುತ್ತದೆ. ವಿದ್ಯುತ್ತಿನ ಚೀಟಿಯಲ್ಲಿ ಮಾತ್ರ ನಾವು ಕೊಂಡ ಸರಕು ಒಂದೇ ಆಗಿದ್ದು, ಅದರ ಬೆಲೆಯನ್ನು ನಾಲ್ಕೈದು ಹೆಸರುಗಳಲ್ಲಿ ಹಂಚಿ ಹಾಕಿರುತ್ತಾರೆ. ಈ ಹೆಸರುಗಳನ್ನು ಒಂದೊಂದಾಗಿ ಬಿಡಿಸಿ ನೋಡೋಣ. ಯಾವ ಸಾಲಿನಲ್ಲಿ ನ್ಯಾಯವಿದೆ, ಯಾವ ಸಾಲಿನಲ್ಲಿ ಅನ್ಯಾಯವಿದೆ ಎಂಬುದು ತಾನಾಗಿಯೇ ಹೊರಬೀಳುತ್ತದೆ.

ಮೊದಲು ಮೀಟರು, ಆಮೇಲೆ ರೂಪಾಯಿ

ಬಿಲ್ಲು ಕೈಗೆ ಬಂದ ಕೂಡಲೇ ಎಲ್ಲರ ಕಣ್ಣೂ ಕೊನೆಯ ಮೊತ್ತದ ಮೇಲೆ ಬೀಳುತ್ತದೆ. ಹಾಗೆ ಮಾಡಬೇಡಿ. ಮೇಲಿನಿಂದ ಓದಿ. ಅಲ್ಲಿ ಹಿಂದಿನ ಮಾಪನ, ಇಂದಿನ ಮಾಪನ ಎಂಬ ಎರಡು ಅಂಕಿಗಳಿರುತ್ತವೆ. ಈ ಸಂಗಾತಿಯ ಬಿಲ್ಲಿನಲ್ಲಿ ಹಿಂದಿನದು 8416, ಇಂದಿನದು 8618. ಕಳೆದರೆ 202 ಯೂನಿಟ್ಟು. ಇದರ ಪಕ್ಕದಲ್ಲಿ ಗುಣಕ ಎಂದು 1 ಎಂಬ ಅಂಕಿ ಇರುತ್ತದೆ. ಮನೆಯ ಮೀಟರಿಗೆ ಅದು ಒಂದೇ ಆಗಿರಬೇಕು. ಅಲ್ಲಿ ಬೇರೆ ಅಂಕಿ ಕಂಡರೆ ಅಂದೇ ಕಛೇರಿಗೆ ಹೋಗಿ.

ಬಿಲ್ಲಿನ ಇಂದಿನ ಮಾಪನವನ್ನು ಹಿಡಿದುಕೊಂಡು ಮೀಟರಿನ ಮುಂದೆ ನಿಲ್ಲಿರಿ. ಓದಿಹೋದ ಎರಡು ಮೂರು ದಿನಗಳಲ್ಲಿ ಮೀಟರು ತುಸು ಮುಂದೆ ಹೋಗಿರಬೇಕು. ಬಿಲ್ಲಿನಲ್ಲಿರುವ ಅಂಕಿಯೇ ಮೀಟರಿನ ಅಂಕಿಗಿಂತ ಹೆಚ್ಚಾಗಿದ್ದರೆ ಓದಿದ್ದು ತಪ್ಪು, ಅಥವಾ ಓದಲೇ ಇಲ್ಲ. ಮನೆಗೆ ಬೀಗ ಹಾಕಿದ್ದರೆ ಸರಾಸರಿಯ ಮೇಲೆ ಬಿಲ್ಲು ಮಾಡುವ ಪದ್ಧತಿಯುಂಟು. ಅಂಥ ಬಿಲ್ಲಿನ ಮೇಲೆ ಬಾಗಿಲು ಬೀಗ ಎಂಬ ಗುರುತಿರುತ್ತದೆ. ಮುಂದಿನ ತಿಂಗಳು ನಿಜವಾದ ಮಾಪನ ಬಂದಾಗ ಆ ಸರಾಸರಿಯನ್ನು ಕಳೆದಿದ್ದಾರೆಯೇ ಎಂಬುದನ್ನು ನೋಡುವ ಹೊಣೆ ನಮ್ಮದೇ.

ಮೀಟರೇ ಓಡುತ್ತಿದೆಯೆಂಬ ಅನುಮಾನ ಹಲವರಿಗೆ. ಅದನ್ನೂ ಪರೀಕ್ಷಿಸಬಹುದು. ಈಗಿನ ಮೀಟರುಗಳ ಮುಖದ ಮೇಲೆ ಒಂದು ಚಿಕ್ಕ ಕೆಂಪು ದೀಪ ಮಿನುಗುತ್ತದೆ. ಒಂದು ಯೂನಿಟ್ಟಿಗೆ ಅದು ಎಷ್ಟು ಸಲ ಮಿನುಗಬೇಕು ಎಂಬುದನ್ನು ಮೀಟರಿನ ಮೇಲೆಯೇ ಅಚ್ಚು ಹಾಕಿರುತ್ತಾರೆ. ಅದು 3200 ಎಂದಿಟ್ಟುಕೊಳ್ಳಿ. ಮನೆಯ ಎಲ್ಲ ಸ್ವಿಚ್ಚುಗಳನ್ನೂ ಆರಿಸಿ, ಬಕೆಟ್ ನೀರಿನಲ್ಲಿ 1000 ವಾಟಿನ ಕಾಯಿಸುವ ರಾಡನ್ನು ಮಾತ್ರ ಹಾಕಿ. ಸಾವಿರ ವಾಟು ಒಂದು ಗಂಟೆ ಉರಿದರೆ ಒಂದು ಯೂನಿಟ್ಟು. ಆರು ನಿಮಿಷ ಉರಿದರೆ ಅದರ ಹತ್ತನೆಯ ಒಂದು ಪಾಲು. ಅಂದರೆ ಆರು ನಿಮಿಷಕ್ಕೆ ಸುಮಾರು 320 ಸಲ, ನಿಮಿಷಕ್ಕೆ 53 ಸಲ ಮಿನುಗಬೇಕು. ವೋಲ್ಟೇಜು ಇಳಿದಿದ್ದರೆ ಸ್ವಲ್ಪ ಕಡಿಮೆಯಾಗುವುದು ಸಹಜ. ಎಪ್ಪತ್ತು ಎಂಬತ್ತು ಸಲ ಮಿನುಗಿದರೆ ಮೀಟರನ್ನು ಪರೀಕ್ಷೆಗೆ ಕೊಡಿರೆಂದು ಅರ್ಜಿ ಬರೆಯಲು ನಿಮಗೆ ಆಧಾರ ಸಿಕ್ಕಿತು. ಇನ್ನು ಎಲ್ಲವನ್ನೂ ಆರಿಸಿ, ಟಿ.ವಿ. ಪ್ಲಗ್ಗನ್ನೂ ಕಿತ್ತ ಮೇಲೆ ದೀಪ ಒಂದೇ ಸಮನೆ ಮಿನುಗುತ್ತಿದ್ದರೆ, ಎಲ್ಲಿಯೋ ಸೋರಿಕೆಯಿದೆ, ಇಲ್ಲವೇ ನಿಮ್ಮ ಮೀಟರಿನಿಂದ ಇನ್ನಾರೋ ದೀಪ ಹಚ್ಚಿಕೊಂಡಿದ್ದಾರೆ. ವಠಾರಗಳಲ್ಲಿ ಇದು ಅಪರೂಪವಲ್ಲ.

ನಮ್ಮ ಸಂಗಾತಿಯ ಮೀಟರು ನೆಟ್ಟಗೇ ಇತ್ತು. ಓದಿದ್ದೂ ಸರಿಯಿತ್ತು. ಹಾಗಾದರೆ ಎಡವಟ್ಟಾದದ್ದು ಎಲ್ಲಿ? ಅದನ್ನು ಹೇಳುವ ಮೊದಲು ದರದ ಕಥೆ ಕೇಳಿ.

ಮೆಟ್ಟಿಲು ಹತ್ತಿಸಿದರು, ಆಮೇಲೆ ಮೆಟ್ಟಿಲನ್ನೇ ತೆಗೆದರು

ಹಿಂದೆ ನಮ್ಮ ರಾಜ್ಯದಲ್ಲಿ ಮನೆಯ ವಿದ್ಯುತ್ತಿಗೆ ಹಂತದ ದರವಿತ್ತು. ಮೊದಲ ಕೆಲವು ಯೂನಿಟ್ಟುಗಳಿಗೆ ಅಗ್ಗ, ಮುಂದಿನವಕ್ಕೆ ತುಸು ತುಟ್ಟಿ, ಅದಕ್ಕೂ ಮುಂದಿನವಕ್ಕೆ ಇನ್ನೂ ತುಟ್ಟಿ. ಮೇಲಿನ ಮೆಟ್ಟಿಲು ಹತ್ತಿದವನಿಗೂ ಕೆಳಗಿನ ಮೆಟ್ಟಿಲಿನ ಅಗ್ಗದ ದರ ತಪ್ಪುತ್ತಿರಲಿಲ್ಲ. ಇದರ ಹಿಂದೆ ಒಂದು ನೀತಿಯಿತ್ತು. ಎರಡು ಬಲ್ಬು, ಒಂದು ಫ್ಯಾನು ಬದುಕಿನ ಅಗತ್ಯ. ತಣ್ಣನೆಯ ಗಾಳಿಯ ಯಂತ್ರ ಸಿರಿವಂತಿಕೆ. ಅಗತ್ಯಕ್ಕೆ ಕಡಿಮೆ ಬೆಲೆ, ಸಿರಿವಂತಿಕೆಗೆ ಹೆಚ್ಚು ಬೆಲೆ. ಹೆಚ್ಚು ಕೊಂಡವನಿಗೆ ರಿಯಾಯಿತಿ ಕೊಡುವ ಸಗಟು ವ್ಯಾಪಾರದ ನೀತಿಗೆ ಇದು ತೀರ ವಿರುದ್ಧ, ಆದ್ದರಿಂದಲೇ ಇದು ನ್ಯಾಯ.

2023ರ ದರಪಟ್ಟಿಯಲ್ಲಿ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಇದನ್ನು ಎರಡೇ ಹಂತಕ್ಕೆ ಇಳಿಸಿತು. ನೂರು ಯೂನಿಟ್ಟಿನವರೆಗೆ ಯೂನಿಟ್ಟಿಗೆ 4 ರೂಪಾಯಿ 75 ಪೈಸೆ. ನೂರು ದಾಟಿದರೆ ಮೊದಲನೆಯ ಯೂನಿಟ್ಟಿನಿಂದಲೇ 7 ರೂಪಾಯಿ. ಈ ಕೊನೆಯ ಮಾತನ್ನು ಎರಡು ಸಲ ಓದಿ. ನೂರು ಯೂನಿಟ್ಟು ಉರಿಸಿದ ಮನೆಗೆ ಶಕ್ತಿ ಶುಲ್ಕ 475 ರೂಪಾಯಿ. ನೂರಾ ಒಂದು ಉರಿಸಿದ ಮನೆಗೆ 707 ರೂಪಾಯಿ. ಆ ಒಂದು ಯೂನಿಟ್ಟಿನ ಬೆಲೆ 232 ರೂಪಾಯಿ! ಹಳೆಯ ರೀತಿಯಲ್ಲಿ ಲೆಕ್ಕ ಹಾಕಿದ್ದರೆ 482 ರೂಪಾಯಿಗೆ ಮುಗಿಯುತ್ತಿತ್ತು. ಮೆಟ್ಟಿಲೆಂದು ಹೇಳಿ ನಿಲ್ಲಿಸಿದ್ದು ಗೋಡೆಯನ್ನು.

ಜನ ಕೂಗೆಬ್ಬಿಸಿದರು. 2024ರ ಏಪ್ರಿಲ್‌ನಿಂದ ಹಂತಗಳನ್ನೇ ರದ್ದುಮಾಡಿ, ಎಲ್ಲ ಯೂನಿಟ್ಟುಗಳಿಗೂ 5 ರೂಪಾಯಿ 90 ಪೈಸೆ ಎಂದು ಒಂದೇ ದರವಿಟ್ಟರು. ನೂರು ದಾಟಿದವರಿಗೆ ಯೂನಿಟ್ಟಿಗೆ 1 ರೂಪಾಯಿ 10 ಪೈಸೆ ಇಳಿಯಿತೆಂದು ಡಂಗುರ ಸಾರಿದ್ದಾಯಿತು. ಇಳಿದದ್ದು ನಿಜ. ಯಾರಿಗೆ ಇಳಿಯಿತು ಎಂಬುದನ್ನು ಮಾತ್ರ ನೀವೇ ಗುಣಿಸಿ ನೋಡಬೇಕು. ಮುನ್ನೂರು ಯೂನಿಟ್ಟು ಉರಿಸುವ ಬಂಗಲೆಗೆ 2100 ಇದ್ದದ್ದು 1770 ಆಯಿತು. 330 ರೂಪಾಯಿ ಉಳಿತಾಯ. ಐವತ್ತು ಯೂನಿಟ್ಟಿನ ಗುಡಿಸಲಿಗೆ 237 ರೂಪಾಯಿ 50 ಪೈಸೆ ಇದ್ದದ್ದು 295 ಆಯಿತು. 57 ರೂಪಾಯಿ 50 ಪೈಸೆ ಏರಿಕೆ. ಗೋಡೆ ಬಿತ್ತು, ನಿಜ. ಅದರ ಕಲ್ಲು ಉರುಳಿ ಬಿದ್ದದ್ದು ಕೆಳಗಿನವನ ಮೇಲೆ.

"ಕೆಳಗಿನವನಿಗೆ ಗೃಹಜ್ಯೋತಿ ಇದೆಯಲ್ಲ, ಅವನ ಬಿಲ್ಲು ಸೊನ್ನೆಯಲ್ಲವೇ?" ಎಂದು ಯಾರಾದರೂ ಕೇಳಬಹುದು. ಕೇಳಲಿ. ಆ ಮಾತಿಗೆ ಬರುತ್ತೇವೆ. ಸದ್ಯಕ್ಕೆ ಒಂದು ಮಾತು ನೆನಪಿರಲಿ: ದರ ಎಂಬುದು ಹಕ್ಕು, ಯೋಜನೆ ಎಂಬುದು ಕೃಪೆ. ಹಕ್ಕನ್ನು ಕಿತ್ತು ಕೃಪೆಯನ್ನು ಕೊಟ್ಟಾಗ, ಕೃಪೆ ತಪ್ಪಿದ ದಿನ ಮನುಷ್ಯ ಬಯಲಿಗೆ ಬೀಳುತ್ತಾನೆ.

ದೀಪ ಹಚ್ಚದಿದ್ದರೂ ದಂಡ

ಬಿಲ್ಲಿನ ಮುಂದಿನ ಸಾಲು ನಿಗದಿತ ಶುಲ್ಕ. ಒಂದು ಯೂನಿಟ್ಟೂ ಉರಿಸದಿದ್ದರೂ ಕೊಡಬೇಕಾದ ಹಣ ಇದು. ಮಂಜೂರಾದ ಹೊರೆ ಎಂದು ಬಿಲ್ಲಿನಲ್ಲಿ ಒಂದು, ಎರಡು, ಮೂರು ಕಿಲೋವಾಟು ಎಂದು ಬರೆದಿರುತ್ತದಲ್ಲ, ಅದರ ಪ್ರತಿ ಕಿಲೋವಾಟಿಗೂ ಇಷ್ಟೆಂದು ವಿಧಿಸುತ್ತಾರೆ. ಸಾಮಾನ್ಯ ಮನೆಗಳಿಗೆ 2023ರಲ್ಲಿ ಇದು ಕಿಲೋವಾಟಿಗೆ 110 ರೂಪಾಯಿ, 2024ರಲ್ಲಿ 120. 2025ರ ಏಪ್ರಿಲ್‌ನಿಂದ 145. ಅದೇ ಆಜ್ಞೆಯಲ್ಲಿ ಶಕ್ತಿ ಶುಲ್ಕವನ್ನು 5 ರೂಪಾಯಿ 90 ಪೈಸೆಯಿಂದ 5 ರೂಪಾಯಿ 80 ಪೈಸೆಗೆ ಇಳಿಸಿದರು. ಒಂದು ಕೈಯಲ್ಲಿ ಹತ್ತು ಪೈಸೆ ಇಳಿಸಿ, ಇನ್ನೊಂದು ಕೈಯಲ್ಲಿ ಇಪ್ಪತ್ತೈದು ರೂಪಾಯಿ ಏರಿಸಿದರು. ಹತ್ತು ಪೈಸೆಯ ಇಳಿಕೆಯಿಂದ ಆ ಇಪ್ಪತ್ತೈದು ರೂಪಾಯಿ ಮರಳಿ ಬರಬೇಕಾದರೆ ಒಂದು ಕಿಲೋವಾಟಿನ ಮನೆಯವನು ತಿಂಗಳಿಗೆ 250 ಯೂನಿಟ್ಟು ಉರಿಸಬೇಕು. ಯಾವ ಕಾರ್ಮಿಕನ ಮನೆಯಲ್ಲಿ ಅಷ್ಟು ಉರಿಯುತ್ತದೆ?

ತಂತಿ, ಕಂಬ, ಟ್ರಾನ್ಸ್‌ಫಾರ್ಮರು, ಸಾಲದ ಬಡ್ಡಿ ಇವೆಲ್ಲ ಗ್ರಾಹಕ ದೀಪ ಹಚ್ಚಲಿ ಬಿಡಲಿ ಇದ್ದೇ ಇರುವ ಖರ್ಚು, ಅದಕ್ಕೆಂದೇ ನಿಗದಿತ ಶುಲ್ಕ ಎಂಬುದು ಕಂಪನಿಗಳ ವಾದ. ಖರ್ಚು ಇದೆಯೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಅದನ್ನು ಯಾರ ಹೆಗಲಿಗೆ ಎಷ್ಟು ಹೊರಿಸುತ್ತೀರಿ ಎಂಬುದಷ್ಟೇ ನಮ್ಮ ಪ್ರಶ್ನೆ.

ಲೆಕ್ಕ ನೋಡಿ. ಒಂದು ಕಿಲೋವಾಟಿನ ಮನೆ, ತಿಂಗಳಿಗೆ 30 ಯೂನಿಟ್ಟು. 2025-26ರ ದರದಂತೆ ಶಕ್ತಿ ಶುಲ್ಕ 174 ರೂಪಾಯಿ, ನಿಗದಿತ ಶುಲ್ಕ 145. ಮುಂದೆ ಹೇಳಲಿರುವ ಸರ್ಚಾರ್ಜು ಮತ್ತು ತೆರಿಗೆ ಸೇರಿ ಒಟ್ಟು 345 ರೂಪಾಯಿ 46 ಪೈಸೆ. ಯೂನಿಟ್ಟಿಗೆ ಬಿದ್ದದ್ದು ಹನ್ನೊಂದೂವರೆ ರೂಪಾಯಿ. ಇನ್ನೊಂದು ಮನೆ ಮೂರು ಕಿಲೋವಾಟಿನದು, ತಿಂಗಳಿಗೆ 300 ಯೂನಿಟ್ಟು. ಅದೇ ರೀತಿಯಲ್ಲಿ ಒಟ್ಟು 2439 ರೂಪಾಯಿ 60 ಪೈಸೆ. ಯೂನಿಟ್ಟಿಗೆ ಬಿದ್ದದ್ದು 8 ರೂಪಾಯಿ 13 ಪೈಸೆ. ಕಡಿಮೆ ಉರಿಸಿದವನಿಗೆ ಹೆಚ್ಚು ಬೆಲೆ, ಹೆಚ್ಚು ಉರಿಸಿದವನಿಗೆ ಕಡಿಮೆ ಬೆಲೆ. ದರಪಟ್ಟಿಯಲ್ಲಿ ಎಲ್ಲರಿಗೂ ಒಂದೇ ದರವೆಂದು ಅಚ್ಚಾಗಿದೆ. ಬಿಲ್ಲಿನಲ್ಲಿ ಮಾತ್ರ ಹಂತದ ದರ ಇನ್ನೂ ಬದುಕಿದೆ, ತಲೆಕೆಳಗಾಗಿ ಬದುಕಿದೆ!

ಅಂಗಡಿ ಇಟ್ಟ ಮಿತ್ರರಿಗೆ ಇದನ್ನು ನಾವು ಹೇಳಿಕೊಡಬೇಕಾಗಿಲ್ಲ. ಅಂಗಡಿಯ ಮೀಟರಿಗೆ ಗೃಹಜ್ಯೋತಿಯ ಮಾತೇ ಇಲ್ಲ. ಕಾಯಿಲೆಯಿಂದ ಒಂದು ತಿಂಗಳು ಬಾಗಿಲು ಮುಚ್ಚಿದರೂ ಬಿಲ್ಲು ಬಾಗಿಲ ಸಂದಿಯಿಂದ ಒಳಗೆ ಬಂದೇ ಬರುತ್ತದೆ.

ಇಲ್ಲಿ ಕೈಲಾಗುವ ಒಂದು ಕೆಲಸವುಂಟು. ಬಿಲ್ಲಿನಲ್ಲಿ ಗರಿಷ್ಠ ಬೇಡಿಕೆ ಎಂಬ ಅಂಕಿಯಿದ್ದರೆ ಅದನ್ನು ಹುಡುಕಿ. ಆ ತಿಂಗಳಲ್ಲಿ ನಿಮ್ಮ ಮನೆ ಒಂದೇ ಹೊತ್ತಿಗೆ ಎಳೆದುಕೊಂಡ ಅತಿ ಹೆಚ್ಚಿನ ಹೊರೆ ಅದು. ಮಂಜೂರಾದದ್ದು ಮೂರು ಕಿಲೋವಾಟಾಗಿ, ವರ್ಷವೆಲ್ಲ ಆ ಅಂಕಿ ಎರಡನ್ನು ದಾಟದಿದ್ದರೆ, ಹೊರೆ ಇಳಿಸಿಕೊಡಿರೆಂದು ಅರ್ಜಿ ಹಾಕಬಹುದು. ಒಂದು ಕಿಲೋವಾಟು ಇಳಿದರೆ 2025-26ರ ದರದಂತೆ ತಿಂಗಳಿಗೆ 145 ರೂಪಾಯಿ ಉಳಿಯಿತು. ಇದಕ್ಕೆ ತದ್ವಿರುದ್ಧವಾದ ಎಚ್ಚರಿಕೆಯೂ ಬೇಕು: ಗೀಸರು, ಇಸ್ತ್ರಿಪೆಟ್ಟಿಗೆ, ಮಿಕ್ಸಿ ಮೂರನ್ನೂ ಒಟ್ಟಿಗೆ ಹಾಕಿದರೆ ಆ ಅಂಕಿ ಏರುತ್ತದೆ, ಮಂಜೂರಾದದ್ದನ್ನು ದಾಟಿದರೆ ಹೊರೆ ಹೆಚ್ಚಿಸಿಕೊಳ್ಳಿರೆಂದು ನೋಟೀಸು ಬರಲು ಅದೇ ಕಾರಣವಾಗುತ್ತದೆ. ಒಂದಾದ ಮೇಲೆ ಒಂದನ್ನು ಹಾಕಿಕೊಳ್ಳಿ.

ಪಿಂಚಣಿ ಕೊಡಬೇಕು, ಕೊಡಬೇಕಾದವರು ಯಾರು?

ಮುಂದಿನ ಸಾಲು ಪಿಂಚಣಿ ಮತ್ತು ಗ್ರಾಚ್ಯುಟಿ ಸರ್ಚಾರ್ಜು. 2025-26ಕ್ಕೆ ಯೂನಿಟ್ಟಿಗೆ 36 ಪೈಸೆ, 2026-27ಕ್ಕೆ 35, 2027-28ಕ್ಕೆ 34 ಎಂದು ಆಯೋಗ 2025ರ ಮಾರ್ಚ್‌ನಲ್ಲಿ ಆಜ್ಞೆ ಮಾಡಿತು.

ಇದರ ಮೂಲ ತಿಳಿದಿರಲಿ. 1999ರಲ್ಲಿ ರಾಜ್ಯದ ವಿದ್ಯುಚ್ಛಕ್ತಿ ಮಂಡಳಿಯನ್ನು ಒಡೆದು ನಿಗಮ ಮಾಡಿದರು. 2002ರಲ್ಲಿ ಹಂಚಿಕೆಯ ಕೆಲಸವನ್ನು ಮತ್ತೆ ಒಡೆದು ಕಂಪನಿಗಳನ್ನು ಮಾಡಿದರು. ಮಂಡಳಿಯ ಕಾಲದಿಂದ ದುಡಿದ ನೌಕರರ ಪಿಂಚಣಿಯಲ್ಲಿ ಸರಕಾರದ ಪಾಲೊಂದಿತ್ತು. ಆ ಪಾಲನ್ನೇ ಈಗ ಗ್ರಾಹಕರ ಬಿಲ್ಲಿಗೆ ವರ್ಗಾಯಿಸಿದ್ದಾರೆ.

ಇಲ್ಲಿ ನಮ್ಮ ಮಾತನ್ನು ಯಾರೂ ತಿರುಚಬಾರದು. ಮಳೆಗಾಲದ ಕತ್ತಲಲ್ಲಿ ಕಂಬ ಹತ್ತುವ ಲೈನ್‌ಮನ್ ನಮ್ಮ ಸಹೋದರ. ಅವನ ಪಿಂಚಣಿ ಅವನು ಬೆವರು ಸುರಿಸಿ ಗಳಿಸಿದ ಹಕ್ಕು. ಅದರಲ್ಲಿ ಒಂದು ಪೈಸೆ ಕಡಿಮೆಯಾದರೂ ಮಿಲ್ ಕಾರ್ಮಿಕರು ಅವನ ಪಕ್ಕ ನಿಲ್ಲಬೇಕು. ಆದರೆ ಧಣಿ ಕೊಡಬೇಕಾದ ಪಿಂಚಣಿಯನ್ನು ಗಿರಾಕಿಯ ಚೀಟಿಯಲ್ಲಿ ಬೇರೆ ಸಾಲಾಗಿ ಬರೆಯುವ ನ್ಯಾಯ ಯಾವುದು? ನಾಳೆ ನಮ್ಮ ಮಿಲ್ಲಿನ ಆಡಳಿತವು ಕಾರ್ಮಿಕರ ಗ್ರಾಚ್ಯುಟಿ ಎಂದು ಪ್ರತಿ ಗಜ ಬಟ್ಟೆಗೂ ಚೀಟಿ ಹಚ್ಚಿದರೆ ಕೊಳ್ಳುವವನು ಶಪಿಸುವುದು ಆಡಳಿತವನ್ನಲ್ಲ, ಕಾರ್ಮಿಕನನ್ನು. ಈ ಸಾಲಿನ ದೊಡ್ಡ ಅಪಾಯ ಮೂವತ್ತಾರು ಪೈಸೆಯಲ್ಲಿಲ್ಲ. ದುಡಿಯುವವನ ಮೇಲೆ ದುಡಿಯುವವನನ್ನು ಎತ್ತಿಕಟ್ಟುವುದರಲ್ಲಿದೆ.

ಇದರ ಜೊತೆಗೆ ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚದ ಹೊಂದಾಣಿಕೆ ಎಂಬ ಇನ್ನೊಂದು ಸಾಲು ಬರುತ್ತದೆ. ಆಯೋಗ ಒಪ್ಪಿದ ಬೆಲೆಗಿಂತ ಹೆಚ್ಚು ಬೆಲೆಗೆ ಕಂಪನಿ ವಿದ್ಯುತ್ತು ಕೊಂಡರೆ ಆ ವ್ಯತ್ಯಾಸವನ್ನು ಯೂನಿಟ್ಟಿಗಿಷ್ಟು ಪೈಸೆಯೆಂದು ಆಮೇಲೆ ವಸೂಲು ಮಾಡುತ್ತಾರೆ. ಕಡಿಮೆಗೆ ಕೊಂಡರೆ ಹಿಂದಕ್ಕೆ ಕೊಡುವುದೂ ಉಂಟು. ಇದು ತಿಂಗಳು ತಿಂಗಳಿಗೆ ಬದಲಾಗುವ ಅಂಕಿ. ನೀವು ಮಾಡಬೇಕಾದದ್ದು ಇಷ್ಟೇ: ಆ ಸಾಲಿನ ಪೈಸೆಯನ್ನು ನಿಮ್ಮ ಯೂನಿಟ್ಟಿನಿಂದ ಗುಣಿಸಿ, ಪಕ್ಕದ ಮನೆಯ ಬಿಲ್ಲಿನಲ್ಲೂ ಅದೇ ಪೈಸೆ ಇದೆಯೇ ನೋಡಿ. ಕೊನೆಗೆ ಸರಕಾರದ ವಿದ್ಯುತ್ ತೆರಿಗೆ, ಶಕ್ತಿ ಶುಲ್ಕದ ಮೇಲೆ ನೂರಕ್ಕೆ 9. ನಿಗದಿತ ಶುಲ್ಕದ ಮೇಲೆ ಅದು ಬೀಳಬಾರದು.

ಎರಡು ದಿನದ ತಡಕ್ಕೆ ಸಾವಿರದ ಆರುನೂರು

ಈಗ ವಠಾರದ ಬಿಲ್ಲಿಗೆ ಬರೋಣ. ಎರಡು ಕಿಲೋವಾಟು, 202 ಯೂನಿಟ್ಟು. ಶಕ್ತಿ ಶುಲ್ಕ 1171 ರೂಪಾಯಿ 60 ಪೈಸೆ. ನಿಗದಿತ ಶುಲ್ಕ 290. ಪಿಂಚಣಿ ಸರ್ಚಾರ್ಜು 72 ರೂಪಾಯಿ 72 ಪೈಸೆ. ತೆರಿಗೆ 105 ರೂಪಾಯಿ 44 ಪೈಸೆ. ಇಂಧನದ ಸಾಲನ್ನು ಬಿಟ್ಟು ಒಟ್ಟು 1639 ರೂಪಾಯಿ 76 ಪೈಸೆ. ಗುಣಾಕಾರದಲ್ಲಿ ತಪ್ಪಿಲ್ಲ.

ಹಿಂದಿನ ತಿಂಗಳು ಸೊನ್ನೆಯಾದದ್ದು ಹೇಗೆ? 2023ರ ಜುಲೈಯಿಂದ ಜಾರಿಗೆ ಬಂದ ಗೃಹಜ್ಯೋತಿಯ ನಿಯಮ ಹೀಗಿದೆ. 2022-23ರಲ್ಲಿ ಆ ಮೀಟರಿನ ತಿಂಗಳ ಸರಾಸರಿ ಎಷ್ಟಿತ್ತೋ ಅದಕ್ಕೆ ನೂರಕ್ಕೆ ಹತ್ತು ಸೇರಿಸಿ, ಅಷ್ಟರವರೆಗೆ ಉಚಿತ. ಅದನ್ನು ದಾಟಿ 200ರ ಒಳಗಿದ್ದರೆ ದಾಟಿದ ಯೂನಿಟ್ಟುಗಳಿಗೆ ಹಣ. 200 ದಾಟಿದರೆ ಪೂರ್ತಿ ಬಿಲ್ಲು. ಈ ವಠಾರದ ಸರಾಸರಿ 180, ಆದ್ದರಿಂದ ಉಚಿತದ ಮಿತಿ 198. ಏಪ್ರಿಲ್‌ನಲ್ಲಿ ಉರಿದದ್ದು 184, ಬಿಲ್ಲು ಸೊನ್ನೆ. ಮೇ ತಿಂಗಳಲ್ಲಿ 202, ಬಿಲ್ಲು ಪೂರ್ತಿ. 2023ರ ದರಪಟ್ಟಿಯಲ್ಲಿ ನೂರರ ಬಳಿಯಿದ್ದ ಗೋಡೆಯನ್ನು ಕೆಡವಿ, ಇನ್ನೂರರ ಬಳಿ ಅದಕ್ಕಿಂತ ಎತ್ತರವಾಗಿ ಕಟ್ಟಿದ್ದಾರೆ!

ಇನ್ನು ತಾರೀಖು ನೋಡಿ. ಹಿಂದಿನ ಮಾಪನಕ್ಕೂ ಅದರ ಹಿಂದಿನದಕ್ಕೂ ನಡುವೆ 30 ದಿನವಿತ್ತು. ಈ ಸಲ ಮಾಪಕರು ಎರಡು ದಿನ ತಡವಾಗಿ ಬಂದರು, 32 ದಿನವಾಯಿತು. 202ನ್ನು 32ರಿಂದ ಭಾಗಿಸಿದರೆ ದಿನಕ್ಕೆ ಸುಮಾರು 6.3 ಯೂನಿಟ್ಟು. 30 ದಿನಕ್ಕೆ 189. ಅಂದರೆ ಮೂವತ್ತನೆಯ ದಿನ ಓದಿದ್ದರೆ 198ರ ಒಳಗೇ ಇತ್ತು, ಬಿಲ್ಲು ಸೊನ್ನೆ! ಮೂರು ಸಂಸಾರಗಳೂ ಹಿಂದಿನ ತಿಂಗಳಿನಷ್ಟೇ ಹಿಡಿತದಿಂದ ಉರಿಸಿದ್ದವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಯಿತು. ಎರಡು ತಾರೀಖುಗಳ ನಡುವಿನ ದಿನಗಳನ್ನು ಎಣಿಸದೆ ಯಾವ ಬಿಲ್ಲನ್ನೂ ಕಟ್ಟಬೇಡಿ ಎಂದು ನಾವು ಹೇಳುವುದು ಇದಕ್ಕಾಗಿ.

ಇದಕ್ಕಿಂತ ದೊಡ್ಡ ಅನ್ಯಾಯ ಒಂದೇ ಮೀಟರಿನಲ್ಲಿದೆ. ಮೂರು ಸಂಸಾರಗಳು ಪ್ರತ್ಯೇಕ ಮೀಟರು ಹೊಂದಿದ್ದರೆ ಒಂದೊಂದಕ್ಕೆ ಬೀಳುತ್ತಿದ್ದುದು ಎಪ್ಪತ್ತು ಯೂನಿಟ್ಟಿಗಿಂತ ಕಡಿಮೆ. ಹಳೆಯ ಲೆಕ್ಕವಿಲ್ಲದ ಹೊಸ ಮೀಟರಿಗೆ ರಾಜ್ಯದ ಸರಾಸರಿ 53, ಅದಕ್ಕೆ ನೂರಕ್ಕೆ ಹತ್ತು ಸೇರಿಸಿ 58 ಎಂದು ಉಚಿತದ ಮಿತಿ ಇಟ್ಟಿದ್ದರು. ಹಾಗಾದಾಗಲೂ ಹತ್ತೋ ಹನ್ನೆರಡೋ ಯೂನಿಟ್ಟಿನ ಹಣ ಕೊಟ್ಟು ಪಾರಾಗಬಹುದಿತ್ತು. 200ರ ಗೋಡೆ ಯಾವ ಸಂಸಾರಕ್ಕೂ ಅಡ್ಡ ಬರುತ್ತಿರಲಿಲ್ಲ. ಮೂರು ಬಡ ಮನೆಗಳನ್ನು ಕೂಡಿಸಿದರೆ ಕಾಗದದ ಮೇಲೆ ಒಬ್ಬ ಸಿರಿವಂತ ಹುಟ್ಟುತ್ತಾನೆ. ಯೋಜನೆಯ ಕಣ್ಣಿಗೆ ಮೀಟರು ಕಾಣುತ್ತದೆ, ಸಂಸಾರ ಕಾಣುವುದಿಲ್ಲ.

ಧಣಿಯ ಕಥೆಯನ್ನೂ ಕೇಳಿಬಿಡಿ. ಬಾಡಿಗೆದಾರರಿಂದ ಆತ ಯೂನಿಟ್ಟಿಗೆ ಹತ್ತು ರೂಪಾಯಿಯಂತೆ ವಸೂಲು ಮಾಡುತ್ತಾನೆ. ಮೇ ತಿಂಗಳಲ್ಲಿ ಅವನಿಗೆ ಬಂದದ್ದು 2020 ರೂಪಾಯಿ, ಇಂಧನದ ಸಾಲನ್ನು ಬಿಟ್ಟರೆ ಕಟ್ಟಬೇಕಾದದ್ದು 1639 ರೂಪಾಯಿ 76 ಪೈಸೆ. ಸೊನ್ನೆ ಬಿಲ್ಲು ಬಂದ ಏಪ್ರಿಲ್‌ನಲ್ಲಿಯೂ 184 ಯೂನಿಟ್ಟಿಗೆ 1840 ರೂಪಾಯಿ ವಸೂಲು ಮಾಡಿ ಜೇಬಿಗಿಳಿಸಿದ್ದಾನೆ. ಸರಕಾರ ಬೊಕ್ಕಸದಿಂದ ಕೊಟ್ಟದ್ದು ಯಾರಿಗೆ ಸೇರಿತು? ದೇವರು ಕೊಟ್ಟರೂ ಪೂಜಾರಿ ಕೊಡ. "ಬಿಲ್ಲು ತೋರಿಸಿ ಸ್ವಾಮಿ ಅಂತ ಕೇಳಿದ್ದಕ್ಕೆ, ಮನೆ ಖಾಲಿ ಮಾಡು ಅಂದರು" ಎಂದರು ನಮ್ಮ ಸಂಗಾತಿ. ಈ ಸಲದ ಚೀಟಿ ಅವರ ಕೈ ಸೇರಿದ್ದು, ಧಣಿ ಊರಲ್ಲಿಲ್ಲದ ದಿನ ಮಾಪಕರು ಅದನ್ನು ಬಾಗಿಲಲ್ಲಿದ್ದವರ ಕೈಗೆ ಕೊಟ್ಟುಹೋದದ್ದರಿಂದ.

ಏನು ಮಾಡಬೇಕು

ಒಂದನೆಯದಾಗಿ, ಬಿಲ್ಲಿನ ಬಗ್ಗೆ ತಕರಾರಿದ್ದರೆ ಬಾಯಿಮಾತಿನಲ್ಲಿ ಕೂಗಾಡಿ ಬರಬೇಡಿ. ವಿಭಾಗದ ಕಛೇರಿಗೆ ಬರಹದಲ್ಲಿ ಕೊಟ್ಟು, ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿ. 1912ಕ್ಕೆ ಫೋನು ಮಾಡಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಮಾಪನ ತಡವಾಗಿದ್ದರೆ ದಿನಗಳ ಪ್ರಮಾಣದಲ್ಲಿ ಮಿತಿಯನ್ನು ಲೆಕ್ಕ ಹಾಕಿರೆಂದು ಅದೇ ಅರ್ಜಿಯಲ್ಲಿ ಬರೆಯಿರಿ. ಅಲ್ಲಿ ಆಗದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಅದಕ್ಕೂ ಮೇಲೆ ವಿದ್ಯುಚ್ಛಕ್ತಿ ಓಂಬುಡ್ಸ್‌ಮನ್ ಇದ್ದಾರೆ. ವಕೀಲರಿಲ್ಲದೆಯೂ ಹೋಗಬಹುದು.

ಎರಡನೆಯದು, ತಂತಿ ಕೀಳುತ್ತೇವೆಂಬ ಬೆದರಿಕೆ. 2003ರ ವಿದ್ಯುಚ್ಛಕ್ತಿ ಕಾಯಿದೆಯ 56ನೆಯ ಕಲಮು ಬಾಯಿಪಾಠವಾಗಿರಲಿ. ಬಾಕಿಗಾಗಿ ಸಂಪರ್ಕ ಕೀಳಬೇಕಾದರೆ 15 ದಿನ ತುಂಬಿದ ಲಿಖಿತ ನೋಟೀಸು ಕೊಡಬೇಕು. ಬಿಲ್ಲು ತಕರಾರಿನಲ್ಲಿದ್ದರೆ, ಕೇಳಿದ ಮೊತ್ತ ಅಥವಾ ಹಿಂದಿನ ಆರು ತಿಂಗಳ ಸರಾಸರಿ, ಇವೆರಡರಲ್ಲಿ ಕಡಿಮೆಯಾದದ್ದನ್ನು ಪ್ರತಿಭಟನೆಯೊಡನೆ ಕಟ್ಟಿದರೆ, ತಕರಾರು ತೀರುವ ತನಕ ಕೀಳುವಂತಿಲ್ಲ. ಎರಡು ವರ್ಷಕ್ಕಿಂತ ಹಳೆಯ ಬಾಕಿಯನ್ನು, ನಡುವೆ ಬಿಲ್ಲುಗಳಲ್ಲಿ ತೋರಿಸುತ್ತ ಬಂದಿಲ್ಲದಿದ್ದರೆ, ಇದ್ದಕ್ಕಿದ್ದಂತೆ ವಸೂಲು ಮಾಡುವಂತಿಲ್ಲ.

ಮೂರನೆಯದು, ಒಬ್ಬೊಬ್ಬರ ಅರ್ಜಿಯಿಂದ ಆಗದ ಕೆಲಸ. ಕಂಪನಿಗಳು ದರ ಏರಿಸಬೇಕೆಂದು ಅರ್ಜಿ ಹಾಕಿದಾಗ ಅದನ್ನು ಪತ್ರಿಕೆಗಳಲ್ಲಿ ಪ್ರಕಟಿಸಿ, ಆಕ್ಷೇಪಣೆ ಕೇಳಿ, ಸಾರ್ವಜನಿಕ ವಿಚಾರಣೆ ನಡೆಸಬೇಕು. ಅಲ್ಲಿ ಕಾರ್ಖಾನೆದಾರರ ಸಂಘಗಳು ಲೆಕ್ಕಿಗರನ್ನೂ ವಕೀಲರನ್ನೂ ಕರೆದುಕೊಂಡು ಬರುತ್ತವೆ. ವಠಾರದ ಪರವಾಗಿ ಮಾತನಾಡುವವರು ಯಾರು? ಮಿಲ್ ಕಾರ್ಮಿಕರ ಸಂಘವೂ ಸಣ್ಣ ವ್ಯಾಪಾರಿಗಳ ಸಂಘವೂ ಮುಂದಿನ ವಿಚಾರಣೆಗೆ ಕೂಡಿ ಹೋಗಲಿ. ನಾಲ್ಕೇ ಬೇಡಿಕೆ: ಹಂತದ ದರವನ್ನು ಮರಳಿ ತನ್ನಿ, ಮೇಲಿನ ಹಂತದವನಿಗೂ ಕೆಳಗಿನ ಹಂತದ ದರ ಉಳಿಯಲಿ. ಮೊದಲ ಕಿಲೋವಾಟಿನ ನಿಗದಿತ ಶುಲ್ಕವನ್ನು ಇಳಿಸಿ. ಪಿಂಚಣಿಯ ಪಾಲನ್ನು ಸರಕಾರವೇ ಹೊರಲಿ. ಇನ್ನೂರು ದಾಟಿದವನು ದಾಟಿದ ಯೂನಿಟ್ಟಿಗಷ್ಟೇ ಹಣ ಕೊಡಲಿ, ಮತ್ತು ಒಂದು ಮೀಟರಿನ ಹಿಂದೆ ಎಷ್ಟು ಒಲೆಗಳಿವೆ ಎಂಬುದನ್ನು ಎಣಿಸಲಿ.

1902ರಲ್ಲಿ ಶಿವನಸಮುದ್ರದಿಂದ ಹೊರಟ ವಿದ್ಯುತ್ತು ಮೊದಲು ಹೋಗಿ ಸೇರಿದ್ದು ಕೋಲಾರದ ಚಿನ್ನದ ಗಣಿಗೆ. ಗಣಿಯ ಯಂತ್ರಗಳು ತಿರುಗಿದ ಎಷ್ಟೋ ವರ್ಷಗಳ ಮೇಲೆ ಕೂಲಿಕಾರನ ಮನೆಗೆ ಬೆಳಕು ಬಂತು. ಅಷ್ಟು ತಡವಾಗಿ ಬಂದ ಬೆಳಕಿಗೆ ಯೂನಿಟ್ಟಿನ ಲೆಕ್ಕದಲ್ಲಿ ಎಲ್ಲರಿಗಿಂತ ಹೆಚ್ಚು ಬೆಲೆ ತೆರುವವನು ಅವನೇ ಆಗಬೇಕೆ?

ನಮ್ಮ ಸಂಗಾತಿಯ ಅರ್ಜಿಯನ್ನು ಅಂದೇ ನಮ್ಮ ಕಛೇರಿಯಲ್ಲಿ ಬರೆದುಕೊಟ್ಟೆವು. ವಠಾರದ ಮೂರು ಮನೆಯವರೂ ರುಜು ಹಾಕಿದರು. ಪ್ರತಿ ಭಾನುವಾರ ಬೆಳಗ್ಗೆ ಹತ್ತರಿಂದ ಹನ್ನೆರಡರವರೆಗೆ ಕಛೇರಿ ತೆರೆದಿರುತ್ತದೆ. ಕಳೆದ ಆರು ತಿಂಗಳ ಬಿಲ್ಲುಗಳನ್ನು ತನ್ನಿ. ಕಟ್ಟುವ ಮೊದಲು ಒಟ್ಟಿಗೆ ಕುಳಿತು ಓದೋಣ.